ಕಲಬುರಗಿಯ ಫ್ರೆಷರ್‌ಗಳೇ, ಬ್ಯಾಕ್‌ಲಾಗ್ ಮುಚ್ಚಿಟ್ಟು ಮೇಲ್ ಬರೆಸಿ ನನ್ನಂತೆ ಮೋಸ ಹೋಗಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತೀನಿ, ಯಾಕಂದ್ರೆ ನಮ್ಮ ಬ್ಯಾಚಿನ ಇನ್ನೂ ಇಬ್ಬರು ಅದೇ ಮನುಷ್ಯನ ಹತ್ತಿರ ಹೋಗೋಕೆ ಹೊರಟಿದ್ದಾರೆ.

ನಾನು ವಿಟಿಯು ಇ ಅಂಡ್ ಸಿ, 2018ರ ಸ್ಕೀಮು. ಸಿಜಿಪಿಎ 6.62. ಮೂರನೇ ಸೆಮ್‌ನಲ್ಲಿ ಎಂ ಥ್ರೀ ಮತ್ತು ನೆಟ್‌ವರ್ಕ್ ಥಿಯರಿ ಎರಡೂ ಹೋದವು. ಮುಂದಿನ ವರ್ಷ ಎರಡನ್ನೂ ಪಾಸ್ ಮಾಡಿಕೊಂಡೆ. ಈಗ ಒಂದೂ ಬಾಕಿ ಇಲ್ಲ. ಆದರೆ ಇದನ್ನು ಕೆಲಸಕ್ಕೆ ಅರ್ಜಿ ಹಾಕುವ ಮೇಲ್‌ನಲ್ಲಿ ಹೇಗೆ ಬರೆಯೋದು ಅಂತ ಗೊತ್ತಾಗದೆ ಸೂಪರ್ ಮಾರ್ಕೆಟ್ ಹತ್ತಿರ ರೆಸ್ಯೂಮೆ ಮಾಡಿಕೊಡುವ ಒಬ್ಬರ ಹತ್ತಿರ ಹೋದೆ. 3,500 ರೂಪಾಯಿ. ಮೇಲ್ ಪಾಸ್‌ವರ್ಡ್ ಕೂಡ ಕೇಳಿದರು, "ನಾವೇ ಕಳಿಸ್ತೀವಿ" ಅಂತ. ಕೊಟ್ಟೆ. ಹೌದು, ಕೊಟ್ಟೆ.

ಅವರು ಮೇಲ್‌ನಲ್ಲಿ ಬರೆದಿದ್ದು ಎರಡು ಸುಳ್ಳು. ಒಂದು, 66.2 ಪರ್ಸೆಂಟ್. ನಮ್ಮ ಸ್ಕೀಮ್‌ಗೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ನನ್ನದು 58.7. ಅವರು ಸುಮ್ನೆ ಹತ್ತರಿಂದ ಗುಣಿಸಿ 60ರ ಗೆರೆ ದಾಟಿಸಿಬಿಟ್ಟರು. ಇನ್ನೊಂದು, "ಯಾವುದೇ ಬ್ಯಾಕ್‌ಲಾಗ್ ಇಲ್ಲ, ಇರಲೂ ಇಲ್ಲ". ನಾನು ನೋಡಿ ಕೇಳಿದೆ, "ಸರ್, ಎರಡು ಇತ್ತಲ್ರಿ?" ಅಂತ.

"ಇಷ್ಟಕ್ಕ್ಯಾಕ ಅಂಜ್ತಿ ತಂಗಿ? ಕ್ಲಿಯರ್ ಆದ್ಮ್ಯಾಲ ಅದು ಇಲ್ಲೇ ಇಲ್ಲ. ಎಲ್ಲಾರೂ ಹಿಂಗೇ ಹಾಕ್ತಾರ."

ನಾನು ತಲೆ ಆಡಿಸಿ ಬಂದೆ. ಅದೇ ನನ್ನ ತಪ್ಪು.

ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಸ್ಟ್, ಇಂಟರ್‌ವ್ಯೂ ಎರಡೂ ಆಯ್ತು. ಕೊನೆಗೆ ದಾಖಲೆ ನೋಡುವ ದಿನ ವಿಡಿಯೊ ಕಾಲ್‌ನಲ್ಲಿ ಎಚ್‌ಆರ್ ಮೇಡಂ ಮಾರ್ಕ್ಸ್ ಕಾರ್ಡುಗಳನ್ನು ಒಂದೊಂದಾಗಿ ತೆರೆದರು. "18MAT31 ಮೂರನೇ ಸೆಮ್‌ನ ವಿಷಯ ಅಲ್ವಾ? ಈ ಕಾರ್ಡಿನಲ್ಲಿ ಪರೀಕ್ಷೆಯ ವರ್ಷ ಮುಂದಿನದು ಇದೆಯಲ್ಲಾ?" ಅಂದರು. ನನಗೆ ಬಾಯಿ ಒಣಗಿತು. ಪ್ರತಿ ಕಾರ್ಡಿನಲ್ಲೂ ಪರೀಕ್ಷೆಯ ತಿಂಗಳು, ವರ್ಷ ಇರುತ್ತೆ. ಬ್ಯಾಕ್ ಕಟ್ಟಿ ಪಾಸಾದರೆ ಅದು ಮುಚ್ಚಿಡುವ ವಿಷಯವೇ ಅಲ್ಲ. ಮೇಡಂ ಕೂಗಾಡಲಿಲ್ಲ. "ಎರಡು ಬ್ಯಾಕ್ ಇದ್ದಿದ್ದು ನಮಗೆ ತೊಂದರೆ ಇರಲಿಲ್ಲ ಅಮ್ಮಾ. ನಮ್ಮ ನಿಯಮ ಸೇರುವಾಗ ಬಾಕಿ ಇರಬಾರದು ಅಂತ ಅಷ್ಟೇ. ಆದರೆ ನೀವು ಇರಲೇ ಇಲ್ಲ ಅಂತ ಬರೆದಿದ್ದೀರಿ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಇದ್ದದ್ದು ಇದ್ದಂತೆ ಬರೆದಿದ್ದರೆ ಕೆಲಸ ಸಿಗುತ್ತಿತ್ತು!

ಆ ರೆಸ್ಯೂಮೆಯವರಿಗೆ ಫೋನ್ ಮಾಡಿದೆ. "ನಿನ್ನ ನಸೀಬು ಸರಿ ಇಲ್ಲ ಬಿಡು" ಅಂದರು. ದುಡ್ಡು ಕೇಳಿದ್ದಕ್ಕೆ "ಮೇಲ್ ಕಳಿಸಿನಿ, ಕೆಲಸ ಮುಗೀತು" ಅಂದರು. ಆಮೇಲೆ ಕ್ಷಮೆ ಕೇಳುವ ಮೇಲ್ ಅಂತ ಒಂದು ಪುಟ ಬರೆದು ಕಳಿಸಿದರು. ಅದರಲ್ಲಿ ನಮ್ಮ ಅಪ್ಪನಿಗೆ ಹಾರ್ಟ್ ಆಪರೇಷನ್ ಆಗಿತ್ತಂತೆ! ನಮ್ಮ ಅಪ್ಪ ಆಳಂದದಲ್ಲಿ ಗಟ್ಟಿಯಾಗಿ ಹೊಲ ಮಾಡಿಕೊಂಡಿದ್ದಾರೆ. ಓದಿ ಮೈ ಉರಿಯಿತು. ಕಳಿಸಲಿಲ್ಲ.

ಈಗ ನಾನೇ ಬರೆಯುತ್ತೇನೆ. ಮೊದಲು ಯಾವ ಕೆಲಸಕ್ಕೆ, ನನ್ನ ಪ್ರಾಜೆಕ್ಟ್ ಏನು ಅನ್ನೋದು. ಅದಾದ ಮೇಲೆ ಮಾತ್ರ ಇಷ್ಟು: "ಬಿ.ಇ. ಸಿಜಿಪಿಎ 6.62, ವಿಟಿಯು ಸೂತ್ರದಂತೆ 58.7 ಪರ್ಸೆಂಟ್. ಮೂರನೇ ಸೆಮಿಸ್ಟರ್‌ನ ಎರಡು ವಿಷಯಗಳನ್ನು ಮುಂದಿನ ವರ್ಷ ಪಾಸ್ ಮಾಡಿದ್ದೇನೆ, ಈಗ ಯಾವುದೂ ಬಾಕಿ ಇಲ್ಲ. ಎಲ್ಲಾ ಮಾರ್ಕ್ಸ್ ಕಾರ್ಡ್ ಜೊತೆಗಿವೆ." ಮುಗೀತು. ಕಾರಣ ಬರೆಯಲ್ಲ, ಲೆಕ್ಚರರ್ ಸರಿ ಇರಲಿಲ್ಲ ಅಂತ ದೂರಲ್ಲ. ಕೇಳಿದರೆ ಇಂಟರ್‌ವ್ಯೂನಲ್ಲಿ ಹೇಳ್ತೀನಿ. ಇನ್ನೂ ಬಾಕಿ ಇರುವವರು ಯಾವ ವಿಷಯ, ಯಾವ ತಿಂಗಳ ಪರೀಕ್ಷೆಗೆ ಕಟ್ಟಿದ್ದೀರಿ ಅನ್ನೋದನ್ನು ಅದೇ ಜಾಗದಲ್ಲಿ ಬರೆಯಿರಿ. ಜಾಹೀರಾತಿನಲ್ಲಿ 60 ಕಡ್ಡಾಯ ಅಂತ ಇದ್ದರೆ ಎಂಥ ಮೇಲ್ ಬರೆದರೂ 58.7 ಆ ಗೆರೆ ದಾಟಲ್ಲ. ಅಲ್ಲಿ ನಾನು ಅರ್ಜಿಯನ್ನೇ ಹಾಕಲ್ಲ.

ಪಾಸ್‌ವರ್ಡ್ ಬದಲಿಸಿ ಸೆಂಟ್ ಬಾಕ್ಸ್ ನೋಡಿದಾಗ ಎದೆ ಧಸಕ್ ಅಂತು. ಅದೇ ಸುಳ್ಳು 43 ಕಂಪನಿಗೆ ಹೋಗಿದೆ, ನನ್ನ ಹೆಸರಿನಲ್ಲಿ. ಒಂದೊಂದಕ್ಕೂ "ಹಿಂದಿನ ಮೇಲ್‌ನಲ್ಲಿದ್ದ ಅಂಕ ಮತ್ತು ಬ್ಯಾಕ್‌ಲಾಗ್ ವಿವರ ತಪ್ಪು, ಸರಿಯಾದದ್ದು ಇಲ್ಲಿದೆ" ಅಂತ ಕಳಿಸುತ್ತಿದ್ದೇನೆ. ಇನ್ನೂ 11 ಉಳಿದಿವೆ.