ಹಪ್ಪಳದ ರೀಲ್‌ಗೆ ಟ್ರೆಂಡಿಂಗ್ ಹಾಡೋ, ನಿಮ್ಮ ದನಿಯೋ?

ಶಿರಸಿಯ ಮನೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ಮಾರುವವರಿಗೆ ಎರಡು ದಾರಿ ಇದೆ. ಟ್ರೆಂಡಿಂಗ್ ಹಾಡಿಗೆ ತುಟಿ ಆಡಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಕಾಮೆಂಟೆಲ್ಲ ಹಾಡಿನ ಬಗ್ಗೆಯೇ ಬಂದು, ‘ರೇಟ್ ಎಷ್ಟು’ ಅಂತ ಯಾರೂ ಕೇಳದಿದ್ದರೆ ಹಪ್ಪಳ ನೋಡುಗರ ಕಣ್ಣಿಗೆ ಬಿದ್ದೇ ಇಲ್ಲ. ಇನ್‌ಸ್ಟಾಗ್ರಾಮ್‌ನ ಬಿಸಿನೆಸ್ ಖಾತೆಗೆ ಎಷ್ಟೋ ಸಿನಿಮಾ ಹಾಡು ಸಿಗುವುದೂ ಇಲ್ಲ.

ನಾನು ಆರಿಸುವುದು ಇನ್ನೊಂದನ್ನು. ಮೊದಲು ಕಾದ ಎಣ್ಣೆಯಲ್ಲಿ ಹಪ್ಪಳ ಅರಳುವ ಚುರ್ ಸದ್ದು ಕೇಳಲಿ. ಆಮೇಲೆ ನಿಮ್ಮದೇ ದನಿ: ‘ಈ ಬೇಸಿಗೆಯ ಬಿಸಿಲಲ್ಲಿ ಒಣಗಿಸಿದ್ದು, ಮಳೆಗಾಲಕ್ಕೆ ಈಗಲೇ ಹೇಳಿಡಿ.’ ಟ್ರೆಂಡಿಂಗ್ ಸಂಗೀತ ಇರಲಿ, ಆದರೆ ಮಾತು ಸ್ಪಷ್ಟವಾಗಿ ಕೇಳುವಷ್ಟು ವಾಲ್ಯೂಮ್ ಇಳಿಸಿ. ಅದೇ ಮಾತನ್ನು ಪರದೆಯ ಮೇಲೂ ಬರೆಯಿರಿ. ಬಸ್ಸಲ್ಲಿ ಸದ್ದಿಲ್ಲದೆ ನೋಡುವವರೂ ಇರ್ತಾರೆ, ಅಲ್ವಾ?