ಖೈನಿ ಮತ್ತು ನಸ್ಯ: ಸಿಗರೇಟ್ ಬಿಟ್ಟು ಇದಕ್ಕೆ ಬಂದವನ ರಿವ್ಯೂ

ಪ್ಯಾಕೆಟ್ ಮೇಲಿನ ಫೋಟೋ ಎಲ್ಲರೂ ನೋಡಿರ್ತೀರ, ಅದರ ಬಗ್ಗೆ ಬರೆಯೋದಿಲ್ಲ. ಆಫೀಸಲ್ಲಿ ಸಿಗರೇಟಿಗೆ ಅಂತ ಒಂಬತ್ತನೇ ಫ್ಲೋರಿಂದ ಕೆಳಗಿಳಿದು ಗೇಟ್ ಆಚೆ ಹೋಗಬೇಕಿತ್ತು, ಅದಕ್ಕೇ ಖೈನಿ ಹಿಡಿದಿದ್ದು. ಹೊಗೆ ಇಲ್ಲ, ಬಟ್ಟೆಗೆ ವಾಸನೆ ಇಲ್ಲ, ಖರ್ಚೂ ಕಮ್ಮಿ.

ಕಲಿಸಿದ್ದು ನಮ್ಮ ಬಿಲ್ಡಿಂಗ್ ಸೆಕ್ಯುರಿಟಿ ಅಣ್ಣ, ಬಿಹಾರದವರು. ಅವರ ಹತ್ರ ಎರಡು ಕಡೆ ಮುಚ್ಚಳ ಇರೋ ಪುಟ್ಟ ಡಬ್ಬಿ, ಒಂದು ಕಡೆ ಹೊಗೆಸೊಪ್ಪು, ಇನ್ನೊಂದು ಕಡೆ ಸುಣ್ಣ. ಎಡಗೈ ಅಂಗೈಗೆ ಒಂದು ಚಿಟಿಕೆ ಸೊಪ್ಪು ಹಾಕಿ, ಉಗುರ ತುದಿಯಷ್ಟು ಸುಣ್ಣ ಸೇರಿಸಿ, ಬಲಗೈ ಹೆಬ್ಬೆರಳಲ್ಲಿ ಚೆನ್ನಾಗಿ ತಿಕ್ಕಿ, ಘಾಟು ಮೂಗಿಗೆ ಹೊಡೆದ ಮೇಲೆ ಪಟಪಟ ತಟ್ಟಿ ಧೂಳು ಹಾರಿಸಿ ಕೆಳತುಟಿ ಒಳಗೆ ಇಟ್ಕೊಳ್ಳೋದು. ಈ ತಿಕ್ಕೋ ಕೆಲಸದಲ್ಲೇ ಅರ್ಧ ಮಜಾ ಇದೆ, ಸುಳ್ಳು ಯಾಕೆ ಹೇಳ್ಲಿ.

ಎಲ್ಲಾ ಆಟ ಆ ಸುಣ್ಣದ್ದೇ. ನಿಕೋಟಿನ್ ಹುಳಿ ಇರೋ ಕಡೆ ಉಪ್ಪಿನ ರೂಪದಲ್ಲಿರತ್ತೆ, ಆಗ ಬಾಯಿ ಒಳಗಿನ ತೆಳು ಚರ್ಮ ದಾಟಿ ರಕ್ತಕ್ಕೆ ಹೋಗೋದು ಬಹಳ ಕಷ್ಟ. ಸುಣ್ಣ ಬಿದ್ದು ಕ್ಷಾರ ಆದ್ರೆ ಸರಾಗವಾಗಿ ದಾಟತ್ತೆ. ಪಿಎಚ್ 8 ಇದ್ರೆ ಸುಮಾರು ಅರ್ಧ ನಿಕೋಟಿನ್ ದಾಟೋ ರೂಪದಲ್ಲಿರತ್ತೆ, 6ಕ್ಕೆ ಇಳಿದ್ರೆ ನೂರಕ್ಕೆ ಒಂದು ಪಾಲು ಅಷ್ಟೇ. ಸಿಗರೇಟ್ ಹೊಗೆ ಸ್ವಲ್ಪ ಹುಳಿ ಕಡೇನೇ, ಅದಕ್ಕೇ ಬಾಯಲ್ಲಿ ಇಟ್ಕೊಂಡು ಬಿಟ್ರೆ ಏನೂ ಸಿಗಲ್ಲ, ಒಳಗೆ ಎಳೀಬೇಕು. ಶ್ವಾಸಕೋಶದಲ್ಲಿ ಜಾಗ ಅಷ್ಟು ದೊಡ್ಡದು, ಒಂದು ದಮ್ಮು ಎಳೆದು 10-20 ಸೆಕೆಂಡಲ್ಲಿ ಮೆದುಳಿಗೆ ಮುಟ್ಟಿರತ್ತೆ.

ನನ್ನ ಕಂಪ್ಲೇಂಟ್ ಶುರು ಆಗೋದೂ ಇಲ್ಲೇ. ಖೈನಿ ನಿಧಾನ, ರಕ್ತದಲ್ಲಿ ನಿಕೋಟಿನ್ ಪೂರ್ತಿ ಏರೋಕೆ ಅರ್ಧ ಗಂಟೆ ಹತ್ತತ್ತೆ. ದಮ್ಮಿಗೆ ಒಗ್ಗಿದ ತಲೆ ಅಷ್ಟೊತ್ತು ಕಾಯಲ್ಲ. ಒಂದಿನ ದರ್ಶಿನೀಲಿ ಫಿಲ್ಟರ್ ಕಾಫಿ ಕುಡಿದ ತಕ್ಷಣ ಇಟ್ಕೊಂಡೆ, ಸುಣ್ಣಾನೂ ಸ್ವಲ್ಪ ಕಮ್ಮಿ ಆಗಿತ್ತು, ಹತ್ತು ನಿಮಿಷ ಆದ್ರೂ ಏನೂ ಇಲ್ಲ. ಕಾಫಿ ಬಾಯನ್ನ ಹುಳಿ ಮಾಡತ್ತೆ, ನಿಕೋಟಿನ್ ಗಮ್ ಅಗಿಯೋಕೆ 15 ನಿಮಿಷ ಮುಂಚೆ ಕಾಫಿ, ಜ್ಯೂಸ್ ಬೇಡ ಅನ್ನೋದೂ ಇದಕ್ಕೇ. ಕಿಕ್ ಬರ್ಲಿಲ್ಲ ಅಂತ ಇನ್ನೊಂದು ಚಿಟಿಕೆ, ಈ ಸಲ ಸುಣ್ಣ ಜಾಸ್ತಿ ಹಾಕಿ. ಬಸ್ಸು ಸಿಲ್ಕ್ ಬೋರ್ಡ್ ಹತ್ರ ನಿಂತಾಗ ಎರಡೂ ಒಟ್ಟಿಗೆ ಏರಿದ್ವು, ಬೆವರು, ಎದೆ ಢವಢವ, ಉಗಿಯೋಕೆ ಜಾಗ ಇಲ್ದೆ ಜೊಲ್ಲು ನುಂಗಿದ್ದಕ್ಕೆ ಬಿಕ್ಕಳಿಕೆ, ವಾಕರಿಕೆ. ಉಗಿದ್ಮೇಲಾದ್ರೂ ಇಳಿಯತ್ತಾ, ಇಲ್ಲ, ಚರ್ಮದೊಳಗೆ ಸೇರಿಕೊಂಡಿದ್ದು ಇನ್ನೂ ರಕ್ತಕ್ಕೆ ಬರ್ತಾನೇ ಇರತ್ತೆ. ಸಿಗರೇಟಲ್ಲಿ ಏರಿದ್ದು ಆರಿಸಿದ ಮೇಲೆ ಬೇಗ ಬೀಳತ್ತೆ, ಇದು ಗಂಟೆಗಟ್ಟಲೆ ಎಳೆಯತ್ತೆ. ಅಂದ್ರೆ ದಿನಪೂರ್ತಿ ಒಂದಾದ್ಮೇಲೆ ಒಂದು ಇಟ್ಕೊಂಡ್ರೆ ನಿಕೋಟಿನ್ ಕೆಳಗೇ ಇಳಿಯಲ್ಲ, ಸಿಗರೇಟಿಗಿಂತ ಕಮ್ಮಿ ಆಗತ್ತೆ ಅನ್ನೋ ಮಾತು ಲೆಕ್ಕಕ್ಕೇ ಬರಲ್ಲ.

ನಡುವೆ ನಸ್ಯಾನೂ ನೋಡಿದೆ, ಅಜ್ಜಿ ಹಾಕ್ತಿದ್ರು. ಮೂಗಿನ ಒಳಚರ್ಮ ತೆಳು, ಕೆಳಗೆ ರಕ್ತನಾಳ ತುಂಬಾ, ಹಾಗಾಗಿ ಖೈನಿಗಿಂತ ಎಷ್ಟೋ ಬೇಗ, ಕೆಲವೇ ನಿಮಿಷದಲ್ಲಿ ಹತ್ತತ್ತೆ. ಜೋರಾಗಿ ಎಳೆದ್ರೆ ಪುಡಿ ಗಂಟಲಿಗೆ ಹೋಗಿ ಕೆಲಸ ಕೆಡತ್ತೆ, ಮೂಗಿನ ಹೊಳ್ಳೆ ಒಳಗೆ ನಿಲ್ಲಬೇಕು. ನೆಗಡಿ ಬಂದು ಮೂಗು ಕಟ್ಟಿದ್ರೆ ಹತ್ತೋದೇ ಅನುಮಾನ, ಬೆಂಗಳೂರಿನ ಧೂಳಲ್ಲಿ ನನ್ನ ಮೂಗು ಕಟ್ಟದ ದಿನ ಹುಡುಕಬೇಕು. ಕರ್ಚೀಫೆಲ್ಲ ಕಂದು, ಮೀಟಿಂಗಲ್ಲಿ ಸೀನು. ಅಜ್ಜಿ ಅದನ್ನ ಹೇಗೆ ಅಷ್ಟು ಗತ್ತಲ್ಲಿ ಹಾಕ್ತಿದ್ರೋ ದೇವರಿಗೇ ಗೊತ್ತು.

ಖೈನಿ ಇಡೋ ಜಾಗದಲ್ಲಿ, ಕೆಳತುಟಿ ಒಳಗೆ, ಬಿಳಿ ಸುಕ್ಕು ಕಾಣಿಸ್ತು. ಉರಿ ಇಲ್ಲ, ನೋವಿಲ್ಲ, ನಾಲಿಗೆಗೆ ಮಾತ್ರ ಒರಟು ತಾಗ್ತಿತ್ತು. ಡೆಂಟಿಸ್ಟ್ ಗಾಜ್ ಬಟ್ಟೇಲಿ ಒರೆಸಿ ನೋಡಿದ್ರು, ಹೋಗ್ಲಿಲ್ಲ. ಪೂರ್ತಿ ಬಿಟ್ಟು ಕೆಲವು ವಾರ ನೋಡೋಣ, ಹಾಗೇ ಉಳಿದ್ರೆ ಅಥವಾ ಕೆಂಪು, ಗಟ್ಟಿ ಆದ್ರೆ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು ಅಂದ್ರು. ಸೊಪ್ಪು ಒಣಗಿಸಿ ಹದ ಮಾಡೋವಾಗ್ಲೇ ನೈಟ್ರೊಸಮೈನ್ ಅನ್ನೋ ಕ್ಯಾನ್ಸರ್ ತರೋ ರಾಸಾಯನಿಕ ಹುಟ್ಟತ್ತೆ, ಹೊಗೇನೇ ಬೇಕು ಅಂತೇನಿಲ್ಲ, ಅದು ದಿನಾ ಅದೇ ಒಂದು ಜಾಗಕ್ಕೆ ಅಂಟಿಕೊಂಡು ಕೂತಿರತ್ತೆ, ಸುಣ್ಣ ಬೇರೆ ಸುಡ್ತಾ ಇರತ್ತೆ.

ಖೈನಿಗೆ ಒಂದು ಸ್ಟಾರ್, ಅದೂ ಆ ಡಬ್ಬಿಗೆ. ನಸ್ಯಕ್ಕೂ ಒಂದೇ. ಬಿಡಬೇಕು ಅನ್ನೋರಿಗೆ 1800-11-2356 ಫ್ರೀ ನಂಬರ್, ಬಿಟ್ಟ ಮೊದಲ ವಾರ ಕಿರಿಕಿರಿ ಆದಾಗ ಏನು ಮಾಡ್ಬೇಕು ಅಂತ ಕೇಳ್ಕೊಳ್ಳಿ.