ದೊಡ್ಡಕ್ಷರದ ಡೇ ಕ್ಲಾಕ್: ಓದೋಕೆ ಫಸ್ಟ್ ಕ್ಲಾಸ್, ಕೇಳೋಕೆ ಸೊನ್ನೆ

ಈ ಎಂಟಿಂಚಿನ ಡೇ ಕ್ಲಾಕ್ ನಮ್ಮನೆಗೆ ಬಂದು ಎರಡು ವರ್ಷದ ಮೇಲಾಯ್ತು, ಅದೇ ಕಪ್ಪು ಸ್ಕ್ರೀನು, ಮೇಲೆ ಬಿಳಿ ಅಕ್ಷರದಲ್ಲಿ ವಾರ, ಬೆಳಗ್ಗೆನಾ ಸಂಜೆನಾ, ಟೈಮು, ತಾರೀಖು ಎಲ್ಲಾ ಬರುತ್ತಲ್ಲ ಅದು. ನಾವು ತಗೊಂಡಾಗ ಮೂರು ಸಾವಿರದ ಆಸುಪಾಸಿತ್ತು, ಆನ್‌ಲೈನಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತೆ, ಒಳಗೆ ಇರೋದು ಹೆಚ್ಚುಕಮ್ಮಿ ಒಂದೇ ಮಾಲು. ಮಿಕ್ಕಿದ್ದೆಲ್ಲಾ ನೀವು ನೋಡೇ ಇರ್ತೀರ, ಬಿಡಿ. ನಾವು ತಗೊಂಡಿದ್ದು ನಮ್ಮ ಮಾವನೋರಿಗೆ. ಕಣ್ಣಲ್ಲಿ ಗ್ಲಾಕೋಮಾ ಇದೆ, ದಿನಾ ಹನಿ ಹಾಕ್ಕೋಬೇಕು, ಕಿವೀನೂ ಮಂದ, ಆದ್ರೆ ತಲೆ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಯಾರಾದ್ರೂ ಹಿಂದೆ ಹಿಂದೆ ಓಡಾಡ್ಕೊಂಡು "ಹನಿ ಹಾಕ್ಕೊಂಡ್ರಾ ಹನಿ ಹಾಕ್ಕೊಂಡ್ರಾ" ಅಂದ್ರೆ ಸಿಟ್ಟು ಬರುತ್ತೆ ಅವ್ರಿಗೆ, ತಾವೇ ನೋಡ್ಕೊಂಡು ತಾವೇ ಮಾಡ್ಕೋಬೇಕು.

ಮೊದಲು ಖುಷಿಯಾಗಿದ್ದು ಹೇಳ್ತೀನಿ. ಬೆಳಗ್ಗೆ ಎದ್ದ ತಕ್ಷಣ ಗಡಿಯಾರದ ಮುಂದೆ ನಿಂತು ಒಂದ್ಸಲ ಜೋರಾಗಿ ಓದ್ತಾರೆ, ವೆಡ್ನೆಸ್‌ಡೇ, ಮಾರ್ನಿಂಗು, ಆರೂ ಹತ್ತು, ಅಂತ. ಆಮೇಲೆ ಅಡುಗೆಮನೆ ಕಡೆ ತಿರುಗಿ "ಏನಮ್ಮಾ, ಇವತ್ತು ಬುಧವಾರ" ಅಂತ ನನಗೂ ವರದಿ. ಮೊದಲು ಇದೇ ಕೆಲಸಕ್ಕೆ ಪೇಪರ್ ಬರೋ ತನಕ ಕಾದು ಭೂತಗನ್ನಡಿ ಹಿಡ್ಕೊಂಡು ಮೂಲೆಯಲ್ಲಿರೋ ತಾರೀಖು ಹುಡುಕ್ತಿದ್ರು.

ಆದ್ರೆ ತಂದ ಹೊಸದರಲ್ಲಿ ಅವ್ರಿಗೆ ಇದು ಓದೋಕೇ ಆಗ್ತಿರಲಿಲ್ಲ. ಮಂಚದ ಪಕ್ಕದ ಟೇಬಲ್ ಮೇಲೆ, ಕೈಗೆಟುಕೋ ಹಾಗೆ ಇಟ್ಟಿದ್ವಿ. ಅವ್ರು ಕತ್ತು ಆ ಕಡೆ ಈ ಕಡೆ ಆಡಿಸ್ಕೊಂಡು ಒಂದೊಂದೇ ಅಕ್ಷರ ಕೂಡಿಸ್ತಿದ್ರು. ಇಷ್ಟು ದೊಡ್ಡಕ್ಷರ ಇದ್ರೂ ಯಾಕೆ ಅಂತ ಕಣ್ಣಿನ ಡಾಕ್ಟರ್ ಹತ್ರ ಹೋದಾಗ ಕೇಳಿದ್ವಿ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಸುತ್ತಲಿನ ನೋಟ ಮೊದಲು ಹೋಗುತ್ತೆ, ನಡುವಿಂದು ಕೊನೇ ತನಕ ಉಳಿಯುತ್ತೆ, ಪೈಪಿನೊಳಗಿಂದ ನೋಡಿದ ಹಾಗೆ. ಹತ್ರದಲ್ಲಿ ದೊಡ್ಡಕ್ಷರ ಇಟ್ರೆ ಇಡೀ ಪದ ಆ ಪೈಪಿನೊಳಗೆ ಹಿಡಿಸೋದೇ ಇಲ್ಲ. ವಯಸ್ಸಾದೋರಿಗೆ ಬರೋ ಮ್ಯಾಕುಲಾ ತೊಂದರೆಯಲ್ಲಿ ಇದು ಉಲ್ಟಾ, ಅಲ್ಲಿ ನಡುವಿನ ನೋಟಾನೇ ಮಸುಕಾಗೋದು, ಅವ್ರಿಗೆ ಅಕ್ಷರ ದೊಡ್ಡದಿದ್ದಷ್ಟೂ ಹತ್ರ ಇದ್ದಷ್ಟೂ ಅನುಕೂಲ. ನಾವು ಗಡಿಯಾರಾನ ಎದುರು ಗೋಡೆಯ ಶೆಲ್ಫಿಗೆ, ಸುಮಾರು ಆರು ಅಡಿ ದೂರಕ್ಕೆ ಸಾಗಿಸಿದ್ವಿ. ಅಷ್ಟೇ, ಪೂರ್ತಿ ಪದ ಒಂದೇ ನೋಟಕ್ಕೆ ಸಿಗೋಕೆ ಶುರುವಾಯ್ತು. ಹಾಗಾಗಿ ರಿವ್ಯೂಗಳಲ್ಲಿ "ದೊಡ್ಡದೇ ತಗೊಳ್ಳಿ" ಅಂತ ಕಣ್ಮುಚ್ಕೊಂಡು ಹೇಳೋರ ಮಾತು ಕೇಳ್ಬೇಡಿ, ಯಾವ ಕಣ್ಣಿನ ತೊಂದರೆ ಅಂತ ಮೊದಲು ತಿಳ್ಕೊಂಡು, ಮನೇಲಿ ನಾಲ್ಕು ಜಾಗದಲ್ಲಿ ಇಟ್ಟು ಅವ್ರ ಕೈಲೇ ಓದಿಸಿ ನೋಡಿ.

ಇನ್ನೊಂದು, ಆಟೋ ಡಿಮ್. ಸಂಜೆ ಏಳಕ್ಕೆ ತಾನೇ ಮಂಕಾಗಿ ಬೆಳಗ್ಗೆ ಏಳಕ್ಕೆ ಮತ್ತೆ ಬೆಳಗುತ್ತೆ. ನಮಗೆ ನಿಮಗೆ ಇದು ಸುಖ, ಆದ್ರೆ ಗ್ಲಾಕೋಮಾ ಇರೋರಿಗೆ ಮಂದ ಬೆಳಕಲ್ಲಿ ಬಿಳಿ ಯಾವುದು ಬೂದು ಯಾವುದು ಅಂತ ಗೊತ್ತಾಗೋದೇ ಕಷ್ಟ. ರಾತ್ರಿ ಎಂಟಕ್ಕೆ ಹನಿ ಹಾಕ್ಕೊಳ್ಳೋ ಮನುಷ್ಯನಿಗೆ ಏಳಕ್ಕೇ ಸ್ಕ್ರೀನ್ ಮಂಕು ಮಾಡಿದ್ರೆ ಏನು ಬಂತು? ಸೆಟ್ಟಿಂಗಲ್ಲಿ ಆಫ್ ಮಾಡಬಹುದು, ತಂದ ದಿನವೇ ಮಾಡಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ಈ ರಿವ್ಯೂ ಬರೀತಿರೋದೇ ಅದಕ್ಕೆ. ಇದರ ಅಲಾರಂ. ಡಬ್ಬದ ಮೇಲೆ "ಲೌಡ್" ಅಂತ ಹಾಕವ್ರೆ. ಜೋರೇನೋ ಹೌದು, ಅಡುಗೆಮನೆಯಲ್ಲಿ ಮಿಕ್ಸಿ ಓಡ್ತಿದ್ರೂ ನನಗೆ ಕೇಳುತ್ತೆ, ಮಹಡಿ ಮೇಲಿರೋ ಮಗನಿಗೆ ಕೇಳುತ್ತೆ, ಒಂದಿನ ಪಕ್ಕದ ಮನೆಯೋರು "ಏನ್ರೀ ಅದು ಕುಯ್ ಕುಯ್ ಅಂತ" ಅಂದ್ರು. ಆದ್ರೆ ಅದರ ಮುಂದೆಯೇ ಕೂತು ರೇಡಿಯೋ ತಿರುಗಿಸ್ತಿರೋ ಮಾವನೋರಿಗೆ ಮಾತ್ರ ಕೇಳಲ್ಲ! ವಾಲ್ಯೂಮ್ ಫುಲ್ ಇಟ್ರೂ ಇಲ್ಲ. ಒಂದು ನಿಮಿಷ ಕೂಗಿ ಸುಮ್ಮನಾಗುತ್ತೆ, ಹನಿ ಹಾಗೇ ಉಳಿಯುತ್ತೆ.

ಕಾರಣ ಗೊತ್ತಾಗಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಯಲ್ಲಿ ಅವ್ರ ಕಿವಿ ಟೆಸ್ಟ್ ಮಾಡಿಸಿದಾಗ. ರಿಪೋರ್ಟಲ್ಲಿ ಒಂದು ಗ್ರಾಫ್ ಕೊಡ್ತಾರಲ್ಲ, ಅದರಲ್ಲಿ ಎಡಗಡೆ ದಪ್ಪ ದನಿ, ಬಲಗಡೆ ಸಣ್ಣ ಕೀರಲು ದನಿ. ಮಾವನೋರ ಗೆರೆ 250, 500 ಹರ್ಟ್ಸ್ ಹತ್ರ ಪರವಾಗಿಲ್ಲ ಅನ್ನೋ ಹಾಗಿದೆ, 2000 ದಾಟಿದ ಮೇಲೆ ಸರ್ರನೆ ಕೆಳಗೆ. ವಯಸ್ಸಿಂದ ಬರೋ ಕಿವುಡು ಸಾಮಾನ್ಯವಾಗಿ ಹೀಗೇ ಅಂತೆ, ಸಣ್ಣ ದನಿ ಮೊದಲು ಹೋಗೋದು. ಈ ಗಡಿಯಾರಗಳಲ್ಲಿ, ಅಗ್ಗದ ಟೈಮರ್‌ಗಳಲ್ಲಿ, ಅಲಾರಂ ಇರೋ ಮಾತ್ರೆ ಡಬ್ಬಿಗಳಲ್ಲಿ ಹಾಕೋ ಪೀಜೋ ಬಜರ್ ಕೂಗೋದು ಬಹುಮಟ್ಟಿಗೆ 2000ದಿಂದ 4000 ಹರ್ಟ್ಸ್ ಒಳಗೆ. ಅಂದ್ರೆ ಎಲ್ಲಿ ಕಿವಿ ಸೋತಿದೆಯೋ ಸರಿಯಾಗಿ ಅಲ್ಲೇ. ಅಮೆರಿಕದಲ್ಲಿ ಮಲಗೋ ಕೋಣೆಯ ಬೆಂಕಿ ಅಲಾರಂಗೆ 520 ಹರ್ಟ್ಸಿನ ದಪ್ಪ ದನಿ ಬೇಕು ಅಂತ NFPA 72 ಅನ್ನೋ ನಿಯಮದಲ್ಲಿ ಸೇರಿಸಿರೋದಕ್ಕೂ ಇಂಥದ್ದೇ ಕಾರಣ, ಕಿವಿ ಮಂದ ಇರೋರು ಆ ಕೀರಲು ಬೀಪಿಗೆ ಏಳಲ್ಲ. ವಯಸ್ಸಾದೋರಿಗೆ ಅಂತಾನೇ ಮಾರೋ ಗಡಿಯಾರದಲ್ಲಿ ಇದನ್ನ ಯೋಚನೆ ಮಾಡ್ಬೇಡ್ವಾ? ದುಡ್ಡು ಕೊಟ್ಟು ಮನೆಯವರಿಗೆಲ್ಲಾ ತಲೆನೋವು ತಗೊಂಡ ಹಾಗಾಯ್ತು.

ಹಾಗಂತ ಇನ್ನೂ ಜೋರಿರೋದು ತಂದ್ರೆ ಸರಿಹೋಗುತ್ತೆ ಅಂತಲೂ ಇಲ್ಲ. ಇಂಥ ಕಿವಿಗೆ ಮೆಲ್ಲಗಿದ್ರೆ ಕೇಳಲ್ಲ, ಸ್ವಲ್ಪ ಏರಿಸಿದ್ರೆ ಥಟ್ಟನೆ ನೋಯುತ್ತೆ, ಎರಡರ ನಡುವೆ ಜಾಗವೇ ಕಮ್ಮಿ. ಕಿವಿ ಹತ್ರ ಕೂಗಿದ್ರೆ "ಯಾಕಮ್ಮಾ ಕಿರಚ್ತೀಯ" ಅಂತಾರಲ್ಲ, ಅದು ಸುಮ್ನೆ ಗೊಣಗಾಟ ಅಲ್ಲ.

ಗಡಿಯಾರ ವಾಪಸ್ ಮಾಡೋ ಗಡುವು ಮುಗಿದಿತ್ತು, ಓದೋಕಂತೂ ಬೇಕೇ ಬೇಕು. ಹಾಗಾಗಿ ಅದರ ಬೀಪ್ ಎಲ್ಲಾ ಆಫ್ ಮಾಡಿ, ಡ್ರಾಯರಲ್ಲಿ ಬಿದ್ದಿದ್ದ ಹಳೇ ಆಂಡ್ರಾಯ್ಡ್ ಫೋನನ್ನ ಪಕ್ಕದಲ್ಲಿ ಇಟ್ವಿ. ಸಿಮ್ ಬೇಡ. ಗೂಗಲ್ Clock ಆ್ಯಪಲ್ಲಿ ಅಲಾರಂ ಸೌಂಡಿಗೆ ನಾವೇ ರೆಕಾರ್ಡ್ ಮಾಡಿದ್ದು ಹಾಕಬಹುದು, ಸೌಂಡ್ ಆರಿಸೋ ಜಾಗದಲ್ಲಿ Add new ಅಂತಿರುತ್ತೆ. ಮೊದಲು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ, ನನ್ನದು ಸಣ್ಣ ದನಿ, "ಯಾರೋ ಏನೋ ಅಂದ ಹಾಗಾಯ್ತು" ಅಂದ್ರು. ಆಮೇಲೆ ನಮ್ಮ ಯಜಮಾನ್ರ ಕೈಲಿ ಮಾಡಿಸಿದ್ದು, ಅವ್ರದ್ದು ಗಡಸು ಗಂಟಲು. "ಅಪ್ಪಾ... ಅಪ್ಪಾ... ಎಂಟು ಗಂಟೆ. ಬರೀ ಬಾಟ್ಲು." ಅಷ್ಟೇ. ಬರೀ ಬಾಟ್ಲು ಅಂದ್ರೆ ರಬ್ಬರ್ ಬ್ಯಾಂಡ್ ಸುತ್ತದೇ ಇರೋ ಹನಿ ಬಾಟ್ಲು, ಅದನ್ನ ಮುಂದೆ ಹೇಳ್ತೀನಿ. ಎರಡು ಸಲ ಕರೆಯೋದು ಯಾಕಂದ್ರೆ ಮೊದಲನೇದು ಗಮನ ಸೆಳೆಯೋಕೇ ಖರ್ಚಾಗುತ್ತೆ, ವಿಷಯ ಅದರ ಹಿಂದೆ ಬರಬೇಕು. ರೆಕಾರ್ಡ್ ಮಾಡೋವಾಗ ಫ್ಯಾನ್ ಆಫ್ ಮಾಡಿ, ನಿಧಾನಕ್ಕೆ ಮಾತಾಡಿ, ಹಿಂದೆ ಮ್ಯೂಸಿಕ್ ಹಾಕ್ಬೇಡಿ.

ಸೆಟ್ಟಿಂಗಲ್ಲಿ ಎರಡು ಮುಖ್ಯ. Volume buttons ಅನ್ನೋ ಕಡೆ ಅಲಾರಂ ನಿಲ್ಲಿಸೋ ಆಯ್ಕೆ ಇಡಿ, ಆಗ ಸ್ಕ್ರೀನಲ್ಲಿ ಎಲ್ಲಿ ಒತ್ಬೇಕು ಎಲ್ಲಿ ಎಳೀಬೇಕು ಅಂತ ಹುಡುಕೋದು ಬೇಡ, ಪಕ್ಕದ ಗುಂಡಿ ಬೆರಳಿಗೇ ಸಿಗುತ್ತೆ. ಇನ್ನೊಂದು Gradually increase volume, ದನಿ ಮೆಲ್ಲಗೆ ಏರುತ್ತೆ, ಕಿವಿಗೆ ಹೊಡೆಯಲ್ಲ.

ಫೋನಿನ ಸ್ಪೀಕರ್ ಚಿಕ್ಕದು, ದಪ್ಪ ದನೀನೂ ಅದರಲ್ಲಿ ತೆಳ್ಳಗಾಗುತ್ತೆ, ಅದಕ್ಕೆ ಕಂಪ್ಯೂಟರ್ ಪಕ್ಕ ಇಡೋ ವೈರಿನ ಸ್ಪೀಕರ್ ಚುಚ್ಚಿದ್ವಿ. ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ, ಸುಮಾರು ಮಾಡೆಲ್‌ಗಳು ಸ್ವಲ್ಪ ಹೊತ್ತು ಸುಮ್ನಿದ್ರೆ ತಾವೇ ಆಫ್ ಆಗಿ ಮಲಗಿಬಿಡುತ್ವೆ.

ಈಗ ರಾತ್ರಿ ಎಂಟರ ಕಾರ್ಯಕ್ರಮ ನೋಡಬೇಕು ನೀವು. ಅವ್ರಿಗೆ ಎರಡು ಹನಿ, ಟಿಮೋಲಾಲ್ ಬೆಳಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ, ಲ್ಯಾಟಾನೊಪ್ರಾಸ್ಟ್ ರಾತ್ರಿ ಮಾತ್ರ. ಎರಡರ ನಡುವೆ ಕನಿಷ್ಠ ಐದು ನಿಮಿಷ ಬಿಡಬೇಕು, ಇಲ್ಲಾಂದ್ರೆ ಎರಡನೇದು ಮೊದಲನೇದನ್ನ ತೊಳ್ಕೊಂಡು ಹೋಗುತ್ತೆ. ಬಾಟ್ಲು ಎರಡೂ ಒಂದೇ ಥರ, ಮೇಲಿರೋ ಅಕ್ಷರ ನನಗೇ ಕಾಣಲ್ಲ, ಅದಕ್ಕೆ ಲ್ಯಾಟಾನೊಪ್ರಾಸ್ಟ್ ಬಾಟ್ಲಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿದೀವಿ. ಎಂಟಕ್ಕೆ ಯಜಮಾನ್ರ ದನಿ ಕರೀತು ಅಂದ್ರೆ ಮಾವನೋರು ಫೋನಿಗೇ "ಹೂಂ ಬಂದೆ ಕಣೋ" ಅಂತ ಉತ್ತರ ಕೊಟ್ಟು ಗುಂಡಿ ಒತ್ತಿ, ಎಡಗಡೆ ಬಟ್ಟಲಿಂದ ಬರೀ ಬಾಟ್ಲು ತಗೊಂಡು, ತಲೆ ಹಿಂದಕ್ಕೆ ಹಾಕಿ ಒಂದು ಹನಿ, ಕಣ್ಮುಚ್ಚಿ ಮೂಗಿನ ಪಕ್ಕದ ಮೂಲೇನ ಬೆರಳಲ್ಲಿ ಒತ್ಕೊಂಡು ಎರಡು ನಿಮಿಷ ಕೂರ್ತಾರೆ, ಹನಿ ಗಂಟಲಿಗೆ ಇಳೀದೇ ಕಣ್ಣಲ್ಲೇ ಇರ್ಲಿ ಅಂತ. ಬಾಟ್ಲು ಬಲಗಡೆ ಬಟ್ಟಲಿಗೆ. ಎಂಟೂ ಹತ್ತಕ್ಕೆ ಇನ್ನೊಂದು ಕರೆ, "ಅಪ್ಪಾ... ಅಪ್ಪಾ... ರಬ್ಬರ್ ಬಾಟ್ಲು." ಅದೂ ಬಲಕ್ಕೆ ಹೋಗುತ್ತೆ. ಈ ಬಟ್ಟಲು ಯಾಕೆ ಬೇಕು ಅಂದ್ರೆ ಅಲಾರಂ ನಿಲ್ಲಿಸಿದ್ದು ಬೇರೆ, ಹನಿ ಹಾಕ್ಕೊಂಡಿದ್ದು ಬೇರೆ. ಯಾರಾದ್ರೂ ಬಂದು ಮಾತಿಗೆ ಕೂತ್ರೆ ಗುಂಡಿ ಒತ್ತಿ ಹಾಗೇ ಮರೀತಾರೆ, ಬಾಟ್ಲು ಎಡಗಡೆ ಉಳಿದಿದ್ರೆ ನಮಗೆ ಕೇಳದೇನೇ ಗೊತ್ತಾಗುತ್ತೆ. ಹನಿ ಕಣ್ಣಿಗೇ ಬಿತ್ತೋ ಕೆನ್ನೆಗೆ ಬಿತ್ತೋ ಅನ್ನೋದು ಮಾತ್ರ ಯಾವ ರಿಮೈಂಡರೂ ಹೇಳಲ್ಲ, ಅದನ್ನ ಆಗಾಗ ಎದುರು ನಿಂತು ನೋಡ್ಲೇಬೇಕು.

ಕರೆಂಟ್ ಹೋದ್ರೆ ಗಡಿಯಾರದ ಸ್ಕ್ರೀನ್ ಕಪ್ಪು, ಒಳಗಿನ ಪುಟ್ಟ ಬ್ಯಾಟರಿ ಟೈಮ್ ಮಾತ್ರ ಕಾಪಾಡುತ್ತೆ. ಆ ಪ್ಲಗ್ಗಿಗೆ ಯುಪಿಎಸ್ ಲೈನ್ ಎಳೆಸಿದ ಮೇಲೆ ಆ ಕಾಟ ತಪ್ತು.

ಓದೋಕೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅಲಾರಂಗೆ ಸೊನ್ನೆ. ತಗೊಳ್ಳೋರು ಅಂಗಡಿಯಲ್ಲೇ ಸಿಗೋ ಹಾಗಿದ್ರೆ ಯಾರಿಗೆ ಬೇಕೋ ಅವ್ರನ್ನೇ ಕರ್ಕೊಂಡು ಹೋಗಿ ಬೀಪ್ ಕೇಳಿಸಿ, ನಿಮ್ಮ ಕಿವಿ ನಂಬ್ಬೇಡಿ. ಇನ್ನು ನಮ್ಮದ್ರಲ್ಲಿ ಕನ್ನಡ ಇಲ್ಲ, ಭಾಷೆ ಪಟ್ಟಿಯಲ್ಲಿ ಫ್ರೆಂಚು ಜರ್ಮನ್ನು ಎಲ್ಲಾ ಇದೆ. ಮಾವನೋರು ಆಫೀಸಲ್ಲಿ ಇಂಗ್ಲಿಷಲ್ಲೇ ಫೈಲ್ ಬರೆದೋರು, ನಡೀತು. ನಮ್ಮಮ್ಮನಿಗೂ ಒಂದು ತರಿಸೋಣ ಅಂತಿದ್ದೆ, ಅವ್ರಿಗೆ ಇಂಗ್ಲಿಷ್ ಬರಲ್ಲ, ಹಾಗಾಗಿ ಅಲ್ಲಿಗೆ ದೊಡ್ಡ ಅಂಕಿಯ ಸಾದಾ ಗೋಡೆ ಗಡಿಯಾರ, ದಿನಾ ಹರಿಯೋ ಕನ್ನಡ ಕ್ಯಾಲೆಂಡರು, ಜೊತೆಗೆ ನನ್ನ ತಮ್ಮನ ದನಿ ತುಂಬಿರೋ ಒಂದು ಹಳೇ ಫೋನು ಕಳಿಸಿದೆ.